ಜರ್ಮನ್ ಬಿ2 ಅಭಿಪ್ರಾಯ ಬರಹ: ನಮ್ಮ ‘ಆದರೂ’ ಎಡವಿಸುವ ಜಾಗ

ಕೇಳಿದವರು: ಗೊಯಟೆ ಬಿ2 ಪರೀಕ್ಷೆಗೆ ಇನ್ನು ಮೂರು ವಾರ ಇದೆ. ಹೇಳಬೇಕಾದ ವಿಷಯ ಹೊಳೆಯುತ್ತದೆ. ಆದರೆ ಟೀಚರ್ ಪ್ರತಿ ಸಲ ‘ವಾಕ್ಯಗಳು ಬಿಡಿ ಬಿಡಿಯಾಗಿವೆ’ ಅಂತ ಬರೆದು ಕೊಡುತ್ತಾರೆ. ಜೋಡಿಸುವ ಪದಗಳು, ಪ್ಯಾರಾ ಇವನ್ನೆಲ್ಲ ನೀವು ಹೇಗೆ ಅಭ್ಯಾಸ ಮಾಡಿದಿರಿ?

ಬೆಂಗಳೂರಿನಲ್ಲಿ ಕಲಿತು ಪಾಸಾದವರು: ನಾನು ಒಂದು ಹಾಳೆಯಲ್ಲಿ 25 ಜೋಡಣೆ ಪದ ಬರೆದು ಬಾಯಿಪಾಠ ಮಾಡಿದೆ. ಎರ್ಸ್ಟೆನ್ಸ್, ತ್ಸ್ವೈಟೆನ್ಸ್, ಆಮೇಲೆ ಐನರ್‌ಜೈಟ್ಸ್, ಆಂಡರರ್‌ಜೈಟ್ಸ್. ಪ್ರತಿ ವಾಕ್ಯದ ಶುರುವಿಗೆ ಒಂದು ಹಾಕಿಬಿಡಿ. ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದು.

ನರ್ಸ್ ಆಗಿ ಜರ್ಮನಿಗೆ ಬಂದವರು: ನನಗೆ ಟೆಲ್ಕ್ ಪರೀಕ್ಷೆಯಲ್ಲಿ ದೂರಿನ ಪತ್ರ ಬರೆಯಲು ಬಂದಿತ್ತು. ‘ಜೇರ್ ಗೆಏರ್ಟೆ ಡಾಮೆನ್ ಉಂಡ್ ಹೆರೆನ್’ ಅಂತ ಶುರು ಮಾಡಿ, ಕೊನೆಗೆ ‘ಮಿಟ್ ಫ್ರೊಯಿಂಟ್‌ಲಿಶೆನ್ ಗ್ರ್ಯೂಸೆನ್’ ಹಾಕಿದರೆ ಅರ್ಧ ಕೆಲಸ ಆಯಿತು.

ಕೇಳಿದವರು: ಅಕ್ಕಾ, ನನ್ನದು ಪತ್ರ ಅಲ್ಲ. ಮೊದಲ ಭಾಗದ 150 ಪದದ ಅಭಿಪ್ರಾಯ ಬರಹ. ಪತ್ರ ಎರಡನೇ ಭಾಗದಲ್ಲಿ ಬರುತ್ತದೆ, ಅದು ಪರವಾಗಿಲ್ಲ.

ಜರ್ಮನ್ ಕಲಿಸುವವರು: 25 ಪದದ ಹಾಳೆ ಇರಲಿ, ಆದರೆ ಪ್ರತಿ ವಾಕ್ಯಕ್ಕೂ ಒಂದೊಂದು ಹಾಕಬೇಡಿ. ಎರ್ಸ್ಟೆನ್ಸ್, ತ್ಸ್ವೈಟೆನ್ಸ್ ಬರೀ ಎಣಿಕೆ ಅಲ್ವಾ? ಒಂದು ಮಾತಿಗೂ ಇನ್ನೊಂದಕ್ಕೂ ಏನು ಸಂಬಂಧ ಅಂತ ಅವು ಹೇಳುವುದಿಲ್ಲ. ‘ಬಿಡಿ ಬಿಡಿ’ ಅಂತ ನಿಮ್ಮ ಟೀಚರ್ ಬರೆಯುವುದು ಬಹುಶಃ ಅದಕ್ಕೇ.

ಕನ್ನಡದವರು ಎಡವುವ ಒಂದು ಜಾಗ ಹೇಳುತ್ತೇನೆ. ‘ಮಳೆ ಬಂದರೂ ಹೋದೆ’, ‘ಮಳೆ ಬಂತು. ಆದರೂ ಹೋದೆ’. ನಮಗೆ ಎರಡರಲ್ಲೂ ಅದೇ ‘-ರೂ’ ಕೇಳಿಸುತ್ತದೆ. ಜರ್ಮನ್‌ನಲ್ಲಿ ಮೊದಲನೆಯದಕ್ಕೆ ಒಪ್‌ವೋಲ್, ಎರಡನೆಯದಕ್ಕೆ ಟ್ರೋಟ್ಸ್‌ಡೇಮ್. ಒಪ್‌ವೋಲ್ ಹಾಕಿದರೆ ಆ ತುಂಡಿನ ಕ್ರಿಯಾಪದ ಕೊನೆಗೆ ಹೋಗುತ್ತದೆ, ನಮ್ಮ ಕನ್ನಡದ ಹಾಗೆಯೇ, ಹಾಗಾಗಿ ಅದು ಬೇಗ ಬರುತ್ತದೆ. ಟ್ರೋಟ್ಸ್‌ಡೇಮ್‌ನಿಂದ ವಾಕ್ಯ ಶುರುವಾದರೆ ಮರುಕ್ಷಣ ಕ್ರಿಯಾಪದ, ಕರ್ತೃ ಆಮೇಲೆ. ‘ಆದ್ದರಿಂದ’ ಕೂಡ ಹೀಗೆಯೇ. ‘ಬಂದದ್ದರಿಂದ’ ಅನ್ನುವಲ್ಲಿ ವೈಲ್, ಬಿಡಿ ‘ಆದ್ದರಿಂದ’ ಅನ್ನುವಲ್ಲಿ ಡೆಸ್‌ಹಾಲ್ಪ್. ‘ಡೆಸ್‌ಹಾಲ್ಪ್ ಇಶ್ ಫಿಂಡೆ’ ಅಂತ ನನ್ನ ವಿದ್ಯಾರ್ಥಿಗಳು ಮತ್ತೆ ಮತ್ತೆ ಬರೆಯುತ್ತಾರೆ. ‘ಡೆಸ್‌ಹಾಲ್ಪ್ ಫಿಂಡೆ ಇಶ್’ ಆಗಬೇಕು. ಬರೆದ ಮೇಲೆ ಟ್ರೋಟ್ಸ್‌ಡೇಮ್, ಡೆಸ್‌ಹಾಲ್ಪ್ ಈ ಎರಡು ಪದಗಳನ್ನು ಹುಡುಕಿ, ಪಕ್ಕದಲ್ಲೇ ಕ್ರಿಯಾಪದ ಇದೆಯಾ ನೋಡಿ. ಎರಡು ನಿಮಿಷ ಸಾಕು.

ಇನ್ನು ಪ್ಯಾರಾ. ಪ್ರಶ್ನೆಯಲ್ಲಿ ನಾಲ್ಕು ಅಂಶ ಕೊಟ್ಟಿರುತ್ತಾರೆ. ಚಿಕ್ಕ ಪೀಠಿಕೆ, ಚಿಕ್ಕ ಮುಕ್ತಾಯ ಕೂಡ ಬೇಕು. ಒಂದು ಅಂಶಕ್ಕೆ ಮೂರು ನಾಲ್ಕು ವಾಕ್ಯ ಬಂದರೆ 150 ಸುಲಭವಾಗಿ ದಾಟುತ್ತದೆ. ಮನೆಯಿಂದ ಕೆಲಸ ಅನ್ನುವ ವಿಷಯ ಇಟ್ಟುಕೊಳ್ಳಿ. ತುಂಬ ಜನ ಮನೆಯಿಂದ ಕೆಲಸ ಬಯಸುತ್ತಾರೆ, ವೈಲ್ ಹಾಕಿ ಕಾರಣ: ಆಫೀಸಿಗೆ ಓಡಾಟ ಉಳಿಯುತ್ತದೆ. ಮುಂದಿನ ವಾಕ್ಯ ಉದಾಹರಣೆ: ಊರಾಚೆ ಇರುವವರಿಗೆ ಡಾಡುರ್ಶ್, ಅಂದರೆ ಇದರಿಂದ, ದಿನಕ್ಕೆ ಎರಡು ಗಂಟೆ ಸಿಗುತ್ತದೆ. ಈ ಪುಟ್ಟ ಪದ ಹಿಂದಿನ ವಾಕ್ಯವನ್ನು ಕೈಹಿಡಿದು ಎಳೆದು ತರುತ್ತದೆ, ಅಂಟಿಸುವ ಕೆಲಸದಲ್ಲಿ ಎಣಿಕೆಯ ಪದಗಳಿಗಿಂತ ಗಟ್ಟಿ. ಆಮೇಲೆ ‘ಟ್ರೋಟ್ಸ್‌ಡೇಮ್ ಫೇಲ್ಟ್ ಫೀಲೆನ್ ಡೇರ್ ಕೊಂಟಾಕ್ಟ್ ತ್ಸು ಡೆನ್ ಕೊಲೇಗೆನ್’, ಆದರೂ ಹಲವರಿಗೆ ಸಹೋದ್ಯೋಗಿಗಳ ಒಡನಾಟ ತಪ್ಪುತ್ತದೆ. ಕೊನೆಗೆ ಡೆಸ್‌ಹಾಲ್ಪ್ ಹಾಕಿ, ವಾರಕ್ಕೆ ಎರಡು ದಿನ ಆಫೀಸ್ ಇರಲಿ ಅನ್ನುವ ನಿಮ್ಮ ಸಲಹೆ. ನಾಲ್ಕು ಬೇರೆ ಬೇರೆ ಕೊಂಡಿ, ಒಂದೇ ಎಳೆ.

ಬೆಂಗಳೂರಿನಲ್ಲಿ ಕಲಿತು ಪಾಸಾದವರು: ಸರಿ, ‘ಜಾಸ್ತಿ ಇದ್ದಷ್ಟು ಒಳ್ಳೆಯದು’ ಅನ್ನುವುದನ್ನು ವಾಪಸ್ ತಗೊಳ್ಳುತ್ತೇನೆ. ಆದರೆ ಮೇಡಂ, ಸ್ವಂತ ಅಭಿಪ್ರಾಯ ಮೊದಲ ಪ್ಯಾರಾದಲ್ಲೇ ಹೇಳಬೇಕು ಅಂತ ನನಗೆ ಕಲಿಸಿದ್ದರು. ನೀವು ಕೊನೆಗೆ ಇಟ್ಟಿರಲ್ಲ?

ಜರ್ಮನ್ ಕಲಿಸುವವರು: ಅದು ಒಂದು ಪ್ಯಾರಾದ ಕೊನೆ ಮಾತ್ರ. ಇಡೀ ಬರಹದಲ್ಲಿ ನಾನೂ ಮೊದಲೇ ಹೇಳಿಸುತ್ತೇನೆ. ಎರಡೂ ಬದಿ ತೂಗಿ ಕೊನೆಗೆ ಹೇಳಿಸುವ ಟೀಚರ್‌ಗಳೂ ಇದ್ದಾರೆ, ಅವರ ಮಕ್ಕಳೂ ಪಾಸಾಗಿದ್ದಾರೆ. ಶುರುವಿಗೆ ‘ಮೈನರ್ ಮೈನುಂಗ್ ನಾಹ್’ ಬಳಸಿದರೆ ಅದರ ಹಿಂದೆ ‘ಡಾಸ್’ ಸೇರಿಸಬೇಡಿ, ನೇರ ಕ್ರಿಯಾಪದ.

ಕೇಳಿದವರು: ಹಳೆಯ ಆರು ಬರಹ ತೆಗೆದು ನೋಡಿದೆ. ಟ್ರೋಟ್ಸ್‌ಡೇಮ್ ಒಂಬತ್ತು ಸಲ ಇದೆ, ಏಳು ಕಡೆ ಕ್ರಿಯಾಪದವನ್ನು ಕೊನೆಗೆ ತಳ್ಳಿದ್ದೇನೆ. ಅಲ್ಲೆಲ್ಲ ನನಗೆ ಬೇಕಿದ್ದದ್ದು ಒಪ್‌ವೋಲ್. ಇವತ್ತು ಆ ಏಳನ್ನೂ ಎರಡೆರಡು ರೀತಿ ಬರೆಯುತ್ತೇನೆ. ‘ತ್ಸ್ವಾರ್… ಆಬರ್’ ಜೋಡಿಯನ್ನೂ ಸೇರಿಸಿಕೊಳ್ಳಲಾ ಮೇಡಂ, ಇಲ್ಲ ಈ ಮೂರು ವಾರಕ್ಕೆ ಇಷ್ಟು ಸಾಕಾ?