ಪದಚರ್ಚೆ: ಲೆಕ್ಕದಲ್ಲಿ ‘ಇರಬೇಕು’, ‘ಇರಲೇಬೇಕು’, ‘ಇದ್ದೇ ಇರುತ್ತಾರೆ’

ಕಲಬುರಗಿಯಿಂದ, ಪ್ರಶ್ನೆ

ಎಲ್ಲರಿಗೂ ಶರಣು. ಒಂಬತ್ತನೇ ತರಗತಿಯವರಿಗೆ ಪಾರಿವಾಳದ ಗೂಡಿನ ತತ್ವದ ಮೇಲೆ ಲೆಕ್ಕ ಬರೆಯುತ್ತಿದ್ದೇನೆ. ಒಂಬತ್ತು ಗೂಡಿಗೆ ಹತ್ತು ಪಾರಿವಾಳ ಬಂದರೆ ಯಾವುದೋ ಒಂದು ಗೂಡಿನಲ್ಲಿ ಎರಡಾದರೂ ಕೂಡುತ್ತವಲ್ಲ, ಅದೇ. ನಾನು ಬರೆದದ್ದು ಹೀಗಿದೆ: “ಮದುವೆ ಮನೆಯ ಕೋಣೆಯಲ್ಲಿ 10 ಜನ ಇದ್ದಾರೆ. ಕೆಲವರು ಕೆಲವರ ಕೈ ಕುಲುಕಿದ್ದಾರೆ. ಅವರಲ್ಲಿ ಇಬ್ಬರು ಒಂದೇ ಎಣಿಕೆಯಷ್ಟು ಜನರ ಕೈ ಕುಲುಕಿರಬೇಕು. ಸಾಧಿಸಿ.”

ಓದಿದ ಹುಡುಗಿಯೊಬ್ಬಳು, “ಕುಲುಕಿರಬೇಕು ಅಂದ್ರ ಗ್ಯಾರಂಟಿ ಇಲ್ಲೇನ್ರಿ ಸರ್?” ಎಂದಳು. ಅವಳು ಕೇಳಿದ್ದು ಸರಿಯಾಗಿದೆ. “ರಾತ್ರಿ ಮಳೆ ಬಂದಿರಬೇಕು” ಎನ್ನುವಾಗ ನಾವು ಊಹಿಸುತ್ತಿರುತ್ತೇವೆ. ‘ಕುಲುಕಿರಲೇಬೇಕು’ ಎಂದು ತಿದ್ದಿದೆ. ಆಗ ಇನ್ನೊಬ್ಬ ಹುಡುಗ ಅದನ್ನು ಮದುವೆ ಮನೆಯ ಕಟ್ಟಳೆ ಎಂದು ತಿಳಿದ. ಊಹೆಯೂ ಅಲ್ಲದ, ಅಪ್ಪಣೆಯೂ ಅಲ್ಲದ, ತಪ್ಪಿಸಲು ಆಗದ್ದನ್ನು ಹೇಳುವ ರೂಪ ಯಾವುದು?

ಬೀದರಿನಿಂದ

ಸರ್, ‘ಇರಬೇಕು’ ಇರಲಿ ಬಿಡ್ರಿ. ಇವೆಲ್ಲ ಸಂಭವದ ಲೆಕ್ಕಗಳೇ. 23 ಜನ ಸೇರಿದರೆ ಇಬ್ಬರ ಹುಟ್ಟಿದ ದಿನ ಒಂದೇ ಇರುತ್ತದೆ ಎನ್ನುವುದೂ ಇಂಥದ್ದೇ ಅಲ್ಲವೇ?

ಯಾದಗಿರಿಯಿಂದ

ಬೀದರಿನ ಗುರುಗಳೇ, 23 ಎನ್ನುವ ಅಂಕಿ ಸರಿ, ಆದರೆ ಅಲ್ಲಿ ಸಿಗುವುದು ಅರ್ಧಕ್ಕಿಂತ ತುಸು ಹೆಚ್ಚಿನ ಸಂಭವ ಮಾತ್ರ. ಅದಕ್ಕೆ ‘ಇರಬಹುದು’ ಸಾಕು. ಫೆಬ್ರುವರಿ 29 ಸೇರಿಸಿದರೆ ವರ್ಷಕ್ಕೆ 366 ದಿನ. ಆದ್ದರಿಂದ 367 ಜನ ಸೇರಿದ ಮೇಲೆಯೇ ‘ಇದ್ದೇ ಇರುತ್ತಾರೆ’ ಎನ್ನಬಹುದು. ಕಲಬುರಗಿಯವರ ಲೆಕ್ಕ ಈ ಎರಡನೇ ಜಾತಿಯದು. ನನ್ನ ಓಟು ‘ಇದ್ದೇ ಇರುತ್ತಾರೆ’ಗೆ.

ಏಕೆಂದು ಬಿಡಿಸಿ ಹೇಳುತ್ತೇನೆ. ಒಬ್ಬರು ಯಾರ ಕೈಯನ್ನೂ ಕುಲುಕದೆ ಇರಬಹುದು, ಹೆಚ್ಚೆಂದರೆ ಉಳಿದ 9 ಜನರ ಕೈ ಕುಲುಕಬಹುದು. ಹಾಗಾಗಿ ಎಣಿಕೆ 0ಯಿಂದ 9ರವರೆಗೆ, ಒಟ್ಟು ಹತ್ತು ಗೂಡು. ಜನವೂ ಹತ್ತೇ. ಒಬ್ಬೊಬ್ಬರು ಒಂದೊಂದು ಗೂಡು ಹಿಡಿದರೆ ಮುಗಿಯಿತು ಎನಿಸುತ್ತದೆ, ಮಕ್ಕಳು ನಿಲ್ಲುವುದೂ ಇಲ್ಲಿಯೇ. ಆದರೆ 9ರ ಗೂಡಿನಲ್ಲಿ ಒಬ್ಬರಿದ್ದರೆ ಅವರು ಎಲ್ಲರ ಕೈಯನ್ನೂ ಕುಲುಕಿದ್ದಾರೆ. ಅಂದ ಮೇಲೆ ಯಾರ ಕೈಯನ್ನೂ ಕುಲುಕದವರು ಆ ಕೋಣೆಯಲ್ಲಿ ಉಳಿಯುವುದು ಹೇಗೆ? 0 ಮತ್ತು 9, ಎರಡೂ ಗೂಡು ಒಟ್ಟಿಗೆ ತುಂಬಲಾರವು. ಉಳಿದದ್ದು ಒಂಬತ್ತೇ ಗೂಡು, ಜನ ಹತ್ತು.

ಸೇಡಂನಿಂದ

ನಮ್ಮ ಮನೆ ಮದುವೆಗಳಲ್ಲಿ ಕೈ ಕುಲುಕುವುದಿಲ್ಲ ರೀ, ಶರಣು ಅನ್ನುತ್ತೇವೆ. ಹೆಣ್ಣುಮಕ್ಕಳು ಗಂಡಸರ ಕೈ ಕುಲುಕುವ ಮಾತೇ ಇಲ್ಲ. ಹಿಂಗಿರುವಾಗ ಹೆಂಗ ಸಾಧಿಸ್ತಾರ? ‘ಪರಿಚಯ’ ಅಂತ ಬರೀರಿ.

ಯಾದಗಿರಿಯಿಂದ

ಅಕ್ಕಾರೇ, ಯಾರೂ ಕೈ ಕುಲುಕದಿದ್ದರೆ ಹತ್ತೂ ಜನರ ಎಣಿಕೆ 0. ಆಗಲೂ ಲೆಕ್ಕ ನಿಲ್ಲುತ್ತದೆ. ಗಂಡಸರು ಗಂಡಸರಲ್ಲೇ ಕುಲುಕಿದರೂ ನಿಲ್ಲುತ್ತದೆ.

‘ಪರಿಚಯ’ಕ್ಕೆ ಮಾತ್ರ ಕಾವಲು ಬೇಕು. ಶರಣಬಸವೇಶ್ವರರ ಜಾತ್ರೆಯಲ್ಲಿ ನಾನು ಶಾಸಕರ ಗುರುತು ಹಿಡಿಯುತ್ತೇನೆ, ಅವರು ನನ್ನನ್ನು ಹಿಡಿಯುವುದಿಲ್ಲ. ಗುರುತು ಹೀಗೆ ಒಂದೇ ಕಡೆಯದಾದರೆ ಲೆಕ್ಕ ಮುರಿಯುತ್ತದೆ. ಮೂವರನ್ನೇ ತೆಗೆದುಕೊಳ್ಳಿ. ಮೊದಲನೆಯವರಿಗೆ ಯಾರ ಗುರುತೂ ಇಲ್ಲ, ಎರಡನೆಯವರಿಗೆ ಮೊದಲನೆಯವರ ಗುರುತು ಮಾತ್ರ ಇದೆ, ಮೂರನೆಯವರಿಗೆ ಇಬ್ಬರದೂ ಇದೆ. ಎಣಿಕೆ 0, 1, 2. ಯಾರಿಬ್ಬರದೂ ಒಂದೇ ಆಗಲಿಲ್ಲ. ‘ಒಬ್ಬರಿಗೊಬ್ಬರು ಪರಿಚಿತರು’ ಎಂದು ಬರೆದರೆ ಚಿಂತೆ ಇಲ್ಲ.

ಇನ್ನೊಂದು, ‘ಎಷ್ಟು ಜನರ ಕೈ’ ಎನ್ನುವುದನ್ನು ‘ಎಷ್ಟು ಸಲ’ ಎಂದು ಬದಲಿಸಬೇಡಿ. ಮೂವರಲ್ಲಿ ಒಬ್ಬರು ಎರಡನೆಯವರ ಕೈಯನ್ನು ಒಂದು ಸಲ, ಮೂರನೆಯವರ ಕೈಯನ್ನು ಎರಡು ಸಲ ಕುಲುಕಿದರೆ ಎಣಿಕೆ 3, 1, 2 ಆಗುತ್ತದೆ. ಮತ್ತೆ ಮುರಿಯಿತು.

ಕಲಬುರಗಿಯಿಂದ

ಉಪಕಾರವಾಯಿತು. ತಿದ್ದಿದ ರೂಪ: “ಯಾರು ಯಾರ ಕೈ ಕುಲುಕಿದ್ದರೂ ಸರಿ, ಒಂದೇ ಎಣಿಕೆಯಷ್ಟು ಜನರ ಕೈ ಕುಲುಕಿದವರು ಇಬ್ಬರಾದರೂ ಇದ್ದೇ ಇರುತ್ತಾರೆ ಎಂದು ಸಾಧಿಸಿ.” ‘ಯಾರು ಯಾರ ಕೈ ಕುಲುಕಿದ್ದರೂ’ ಎಂದು ಸೇರಿಸಿದ್ದರಿಂದ ಅದು ಕಟ್ಟಳೆ ಎಂಬ ಅನುಮಾನ ಹೋಯಿತು ಎಂದುಕೊಂಡಿದ್ದೇನೆ.

ಬೀದರಿನಿಂದ

ಹುಟ್ಟಿದ ದಿನದ ಮಾತು ಒಪ್ಪಿದೆ. ‘ಇಬ್ಬರಾದರೂ’ ಮಾತ್ರ ಹೆಚ್ಚಾಯಿತು. ಮೂವರಿದ್ದ ಕಡೆ ಇಬ್ಬರು ಇದ್ದೇ ಇರುತ್ತಾರಲ್ಲ, ಬರಿ ‘ಇಬ್ಬರು’ ಸಾಲದೇ?

ಯಾದಗಿರಿಯಿಂದ

ನನಗೆ ಸಾಲದು. “ಮನೇಲಿ ಇಬ್ಬರು ಮಕ್ಕಳು” ಎಂದರೆ ನಾವು ಸರಿಯಾಗಿ ಇಬ್ಬರು ಎಂದೇ ತಿಳಿಯುತ್ತೇವೆ. ಹತ್ತೂ ಜನ ಪರಸ್ಪರ ಕೈ ಕುಲುಕಿದರೆ ಎಲ್ಲರ ಎಣಿಕೆಯೂ 9. ಅದನ್ನು ನೋಡಿದ ಮಗು ಲೆಕ್ಕವೇ ತಪ್ಪು ಎಂದು ಬರೆದರೆ ಅಂಕ ಕಳೆಯಲು ನನಗೆ ಮನಸ್ಸಾಗುವುದಿಲ್ಲ. ಉಳಿದವರು ಏನನ್ನುತ್ತೀರಿ?