ಗಂಭೀರ ಲೇಖನವನ್ನು ನವಿರು ವಿಡಂಬನೆಯಾಗಿಸುವುದು: ಅನುಭವ ಹಂಚಿಕೊಳ್ಳಿ

ಬಿಳಿಹಾಳೆ: ಕೆಲಸದ ಜಾಗದ ಸಭೆಗಳ ಬಗ್ಗೆ 1,200 ಪದಗಳ ಗಂಭೀರ ಲೇಖನ ಬರೆದಿದ್ದೇನೆ. ವಾದ ಮೂರು: ಬೇಕಿಲ್ಲದವರನ್ನೂ ಕರೆಯುತ್ತಾರೆ, ಕಾರ್ಯಸೂಚಿ ಮೊದಲೇ ಕಳಿಸುವುದಿಲ್ಲ, ನಿರ್ಣಯ ಬರೆದಿಡದೆ ಅದೇ ವಿಷಯ ಮತ್ತೆ ಬರುತ್ತದೆ. ಇದನ್ನು ಯಾರಿಗೂ ಚುಚ್ಚದ ವಿಡಂಬನೆಯಾಗಿ ತಿರುಗಿಸಬೇಕು, ಆದರೆ ಮೂರೂ ವಾದ ಓದುಗರಿಗೆ ಗುರುತು ಸಿಗಬೇಕು. ಬರೆಯಲು ಕೂತರೆ ಬರೀ ಜೋಕುಗಳ ಸಾಲಾಗುತ್ತಿದೆ. ಗೊತ್ತಿರುವವರು ತಿಳಿಸಿ.

ಇಳಿಸಂಜೆ: ತುಂಬ ಸುಲಭ. ಪ್ರತಿ ವಾಕ್ಯವನ್ನೂ ತಿರುವಿ ಹಾಕಿ, ಆಮೇಲೆ ಹಿಗ್ಗಿಸಿ. ಲೇಖನದಲ್ಲಿ 12 ಜನ ಕೂತಿದ್ದರೆ ವಿಡಂಬನೆಯಲ್ಲಿ 200 ಜನ ಕೂರಲಿ. ಒಂದು ಗಂಟೆಯ ಸಭೆ ಮೂರು ದಿನ ನಡೆಯಲಿ. ಉತ್ಪ್ರೇಕ್ಷೆ ಇಲ್ಲದೆ ವಿಡಂಬನೆ ಇಲ್ಲ.

ಅಡಿಟಿಪ್ಪಣಿ: ಉತ್ಪ್ರೇಕ್ಷೆ ಬೇಕು, ಒಪ್ಪಿದೆ. ಆದರೆ ಅದನ್ನು ಅಂಕಿಯ ಮೇಲೆ ಹೇರಿದರೆ ವಾದ ಅಲ್ಲೇ ಸಾಯುತ್ತದೆ. 200 ಜನ ಎಂದ ಕೂಡಲೇ ಓದುಗ ‘ಇದು ನಮ್ಮಲ್ಲಿ ನಡೆಯುವುದಲ್ಲ’ ಎಂದು ನಕ್ಕು ಮುಂದೆ ಹೋಗುತ್ತಾನೆ. ಅಂಕಿಯನ್ನು ಇದ್ದ ಹಾಗೇ ಬಿಡಿ, ಹಿಗ್ಗಬೇಕಾದದ್ದು ಅದಕ್ಕೆ ಕೊಡುವ ಸಮರ್ಥನೆ.

ವಾಕ್ಯ ತಿರುವುವುದಕ್ಕಿಂತ ಮೊದಲು ಹೇಳುವವನನ್ನು ಬದಲಿಸಿ. ನಿಮ್ಮ ಲೇಖನದಲ್ಲಿ ಮಾತಾಡುವವರು ಸಭೆಗಳಿಂದ ಬೇಸತ್ತವರು. ವಿಡಂಬನೆಯಲ್ಲಿ ಸಭೆಗಳನ್ನು ಮನಸಾರೆ ಪ್ರೀತಿಸುವವನೊಬ್ಬ ಮಾತಾಡಲಿ. ಅವನು ದುಷ್ಟನಲ್ಲ, ದಡ್ಡನೂ ಅಲ್ಲ. ಅವನಿಗೆ ಸಭೆಯೇ ಕೆಲಸ ಎಂಬ ನಂಬಿಕೆ, ಅಷ್ಟೇ. ಜೋಕುಗಳ ಸಾಲಾಗುವುದು ಇಂಥ ಒಬ್ಬ ಇಲ್ಲದಿದ್ದಾಗ, ಏಕೆಂದರೆ ಆಗ ಪ್ರತಿ ಜೋಕೂ ಬೇರೆ ಬೇರೆ ಬಾಯಿಂದ ಬರುತ್ತದೆ.

ಮೂರು ವಾದಗಳನ್ನು ಒಂದೊಂದು ಸಾಲಿನಲ್ಲಿ ಹಾಳೆಯ ಎಡಕ್ಕೆ ಬರೆದುಕೊಳ್ಳಿ. ಬಲಕ್ಕೆ, ಅದೇ ಸಂಗತಿಯನ್ನು ಈ ಸಭಾಪ್ರೇಮಿ ಯಾಕೆ ಮೆಚ್ಚುತ್ತಾನೆ ಎಂದು ಬರೆಯಿರಿ. ಮೊದಲ ವಾದ ಹೀಗಿದೆ ಎಂದುಕೊಳ್ಳೋಣ: ‘ನಿರ್ಧಾರಕ್ಕೆ ಮೂವರು ಸಾಕು, 12 ಜನ ಒಂದು ಗಂಟೆ ಕೂತರೆ ಒಂಬತ್ತು ಗಂಟೆಯ ಕೆಲಸ ಸುಮ್ಮನೆ ಹೋಗುತ್ತದೆ.’ ಅವನ ಬಾಯಲ್ಲಿ ಅದು ಹೀಗಾಗುತ್ತದೆ:

‘ನಿರ್ಧಾರಕ್ಕೆ ಮೂವರು ಸಾಕು ಎಂಬುದನ್ನು ನಾನೂ ಬಲ್ಲೆ. ಆದರೆ ಮೂವರೇ ಒಂದು ಕೋಣೆಯಲ್ಲಿ ಕೂತು ನಿರ್ಧರಿಸಿದರೆ ತಲೆಯಾಡಿಸುವವರು ಯಾರು? ಉಳಿದ ಒಂಬತ್ತು ಜನರನ್ನು ನಾವು ಕರೆಯುವುದು ಆ ಜವಾಬ್ದಾರಿಗಾಗಿ. ಅವರು ಅದನ್ನು ಪೂರ್ತಿ ಒಂದು ಗಂಟೆ ನಿಭಾಯಿಸುತ್ತಾರೆ.’

ಮೂರು, ಒಂಬತ್ತು, ಒಂದು ಗಂಟೆ, ಎಲ್ಲವೂ ಹಾಗೇ ಇವೆ. ಓದುಗ ನಗುತ್ತಲೇ ಲೆಕ್ಕ ಹಾಕುತ್ತಾನೆ.

ಎರಡನೆಯದು: ‘ಕಾರ್ಯಸೂಚಿ ಮೊದಲೇ ಕೈಗೆ ಬಂದರೆ ಕೆಲವರು ಯೋಚಿಸಿಕೊಂಡು ಬಂದುಬಿಡುತ್ತಾರೆ. ಹಾಗಾದಾಗ ಸಭೆ ಇಪ್ಪತ್ತೇ ನಿಮಿಷಕ್ಕೆ ಮುಗಿದದ್ದುಂಟು.’

ಮೂರನೆಯದು: ‘ಕಳೆದ ವಾರದ ನಿರ್ಣಯವನ್ನು ಯಾರೂ ಬರೆದಿಟ್ಟಿರಲಿಲ್ಲವಾದ್ದರಿಂದ ಈ ವಾರವೂ ಅದೇ ವಿಷಯವನ್ನು ಹೊಸ ಹುರುಪಿನಿಂದ ಚರ್ಚಿಸಲು ಸಾಧ್ಯವಾಯಿತು.’

ಒಂದು ಎಚ್ಚರಿಕೆ. ಬಲಗಡೆಯ ಕಾರಣ ಎಡಗಡೆಯ ವಾದದಿಂದಲೇ ಹುಟ್ಟಬೇಕು. ‘ಸಭೆಯಲ್ಲಿ ಒಳ್ಳೆಯ ನಿದ್ದೆ ಬರುತ್ತದೆ’ ಎಂದು ಬರೆದರೆ ನಗು ಬರಬಹುದು, ಆದರೆ ನಿಮ್ಮ ಮೂರು ವಾದಗಳಲ್ಲಿ ಯಾವುದಕ್ಕೂ ಅದು ಸೇರುವುದಿಲ್ಲ. ಅಂಥವನ್ನು ಮನಸ್ಸು ಗಟ್ಟಿ ಮಾಡಿ ಹೊಡೆದುಹಾಕಿ.

ತೋರಣ: ಅಣಕಕ್ಕೆ ಮೂಲದ ಲಯ ಹಿಡಿಯುವುದು ಮುಖ್ಯ. ಯಾರ ಶೈಲಿಯನ್ನು ಅಣಕಿಸುತ್ತಿದ್ದೀರೋ ಅವರ ಹತ್ತು ಪುಟ ಓದಿ, ಅವರು ಪದೇ ಪದೇ ಬಳಸುವ ಮಾತುಗಳ ಪಟ್ಟಿ ಮಾಡಿಕೊಳ್ಳಿ. ವಿಷಯ ಏನಿದ್ದರೂ ನಡೆಯುತ್ತದೆ.

ಅಡಿಟಿಪ್ಪಣಿ: ತೋರಣ ಅವರೇ, ನೀವು ಹೇಳುತ್ತಿರುವುದು ಶೈಲಿಯ ಅಣಕ. ಇಲ್ಲಿ ಉಳಿಯಬೇಕಾದದ್ದು ವಿಷಯವೇ. ಆದರೂ ಪಟ್ಟಿಯ ಉಪಾಯ ಒಂದು ಕಡೆ ಉಪಯೋಗಕ್ಕೆ ಬರುತ್ತದೆ. ಸುತ್ತೋಲೆಯ ಭಾಷೆ ನಿಮ್ಮ ಸಭಾಪ್ರೇಮಿಗೆ ಚೆನ್ನಾಗಿ ಒಪ್ಪುತ್ತದೆ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’, ‘ಪರಿಶೀಲನೆಯಲ್ಲಿದೆ’, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’. ಇಡೀ ಬರಹಕ್ಕೆ ಇಂಥವು ನಾಲ್ಕೈದು ಸಾಕು. ಹೆಚ್ಚಾದರೆ ಗುರಿ ಸಭೆಯಿಂದ ಕಚೇರಿ ಕನ್ನಡದ ಕಡೆಗೆ ಜಾರುತ್ತದೆ.

ಮಸಿಕುಡಿಕೆ: ಚುಚ್ಚದಿರುವ ಬಗ್ಗೆ ಒಂದು ಮಾತು. ಬರೆದಾದ ಮೇಲೆ ‘ಮಹಾಶಯರು’, ‘ಮಹಾನುಭಾವರು’, ‘ಪಾಪ’ ಎಲ್ಲೆಲ್ಲಿ ಇವೆ ನೋಡಿ, ತೆಗೆಯಿರಿ. ಉದ್ಗಾರ ಚಿಹ್ನೆಗಳನ್ನೂ, ವ್ಯಂಗ್ಯ ತೋರಿಸಲು ಒಂದೇ ಪದಕ್ಕೆ ಹಾಕಿದ ಉದ್ಧರಣ ಚಿಹ್ನೆಗಳನ್ನೂ ತೆಗೆಯಿರಿ. ಅವೆಲ್ಲ ಲೇಖಕ ಪಕ್ಕದಲ್ಲಿ ನಿಂತು ಕಣ್ಣು ಹೊಡೆಯುವುದು. ಹೇಳುವವನಿಗೆ ತನ್ನ ಮಾತಿನಲ್ಲಿ ತಮಾಷೆ ಇದೆಯೆಂದು ಗೊತ್ತೇ ಇರಬಾರದು.

ಇನ್ನೊಂದು, ‘ಅವರು ಸಭೆ ಕರೆಯುತ್ತಾರೆ’ ಎನ್ನುವ ಕಡೆ ‘ನಾವು ಸಭೆ ಕರೆಯುತ್ತೇವೆ’ ಎಂದು ಮಾಡಿ. ‘ಅವರು’ ಎಂದರೆ ಬೆರಳು ತೋರಿಸಿದಂತಾಗುತ್ತದೆ. ‘ನಾವು’ ಎಂದರೆ ಓದುಗನೂ ಒಳಗೆ ಬರುತ್ತಾನೆ, ಸಭೆ ಕರೆಯುವ ಅಧಿಕಾರಿಗೂ ನಗಲು ಜಾಗ ಸಿಗುತ್ತದೆ.

ಇಳಿಸಂಜೆ: ಹಾಗಾದರೆ ಜೊನಾಥನ್ ಸ್ವಿಫ್ಟ್ 1729ರಲ್ಲಿ ಪ್ರಕಟಿಸಿದ ‘ಎ ಮಾಡೆಸ್ಟ್ ಪ್ರಪೋಸಲ್’? ಐರ್ಲೆಂಡಿನ ಬಡವರ ಮಕ್ಕಳನ್ನು ಊಟದ ಮೇಜಿಗೆ ಬಡಿಸೋಣ ಎನ್ನುತ್ತದೆ. ಅದಕ್ಕಿಂತ ಹಿಗ್ಗಿಸುವುದು ಇನ್ನೇನಿದೆ?

ಅಡಿಟಿಪ್ಪಣಿ: ಒಳ್ಳೆಯ ಉದಾಹರಣೆ, ಆದರೆ ಅದು ನವಿರಲ್ಲ, ಉಗ್ರ ವಿಡಂಬನೆ. ಅಲ್ಲೂ ಹಿಗ್ಗಿರುವುದು ಪರಿಹಾರ. ಹೇಳುವವನು ಮಾತ್ರ ತಣ್ಣಗೆ, ಗುಣಿಸಿ ಭಾಗಿಸಿ, ಲೆಕ್ಕದ ಭಾಷೆಯಲ್ಲಿ ಮಾತಾಡುತ್ತಾನೆ. ನಿಮಗೆ ಬೇಕಾದದ್ದು ಅದರ ಕೊನೆಯ ಭಾಗದಲ್ಲಿದೆ. ಐರ್ಲೆಂಡಿಗೆ ನಿಜಕ್ಕೂ ಬೇಕಿದ್ದ ಕ್ರಮಗಳನ್ನು, ಉದಾಹರಣೆಗೆ ಊರಲ್ಲಿ ಇಲ್ಲದ ಜಮೀನುದಾರರಿಗೆ ತೆರಿಗೆ, ನಾಡಿನಲ್ಲೇ ತಯಾರಾದ ಬಟ್ಟೆಯ ಬಳಕೆ, ಇವನ್ನೆಲ್ಲ ಹೇಳುವವನು ಒಂದೊಂದಾಗಿ ಹೆಸರಿಸಿ ‘ಇವುಗಳ ಮಾತೇ ಬೇಡ’ ಎಂದು ತಳ್ಳಿಹಾಕುತ್ತಾನೆ. ಲೇಖಕನ ನಿಜವಾದ ವಾದ ಹಾಗೆ ಪೂರ್ತಿಯಾಗಿ ಪುಟದ ಮೇಲೆ ಬಂದುಬಿಡುತ್ತದೆ.

ಬಿಳಿಹಾಳೆ ಅವರು ಇದನ್ನು ಎತ್ತಿಕೊಳ್ಳಬಹುದು: ‘ಮೂವರನ್ನೇ ಕರೆಯಿರಿ, ಹಿಂದಿನ ದಿನವೇ ಕಾರ್ಯಸೂಚಿ ಕಳಿಸಿ, ಮುಗಿದ ಮೇಲೆ ನಾಲ್ಕು ಸಾಲು ಬರೆದಿಡಿ ಎಂದು ಕೆಲವರು ಸಲಹೆ ಕೊಟ್ಟರು. ಈ ಸಲಹೆಗಳನ್ನು ಪರಿಶೀಲಿಸಲು ಮುಂದಿನ ವಾರ ಸಭೆ ಕರೆದಿದ್ದೇವೆ.’ ಮೂರು ಪರಿಹಾರವೂ ಒಂದೇ ವಾಕ್ಯದಲ್ಲಿ ಬಂದವು.

ತೋರಣ: ನನ್ನದು ಪರೀಕ್ಷೆಯ ಅಂಕಗಳ ಬಗ್ಗೆ ಇರುವ ಲೇಖನ. ಅದರಲ್ಲಿ ಮಗುವಿನ ಹೆದರಿಕೆಯ ಪ್ಯಾರಾ ಒಂದಿದೆ. ಅದನ್ನೂ ಹೀಗೆ ತಿರುವಬಹುದೇ?

ಅಡಿಟಿಪ್ಪಣಿ: ಬೇಡ. ನೋವಿನ ಪ್ಯಾರಾವನ್ನು ಅಂಕಪ್ರೇಮಿ ಹೊಗಳಿದರೆ ಬರಹ ಕ್ರೂರವಾಗುತ್ತದೆ. ‘ರಾತ್ರಿ ದೀಪ ಆರಿಸಿದ ಮೇಲೂ ಹುಡುಗ ಮಗ್ಗಿ ಹೇಳುತ್ತಿದ್ದ’ ಎಂದು ಅವನು ಒಂದು ಸಾಲು ಹೇಳಿ, ಗಮನಿಸದೆ ಮುಂದೆ ಹೋಗಲಿ. ಗಮನಿಸುವುದು ಓದುಗನ ಪಾಲಿಗಿರಲಿ.

ಮಸಿಕುಡಿಕೆ: ಇದನ್ನು ನಾನು ಪೂರ್ತಿ ಒಪ್ಪಲಾರೆ. ಅಂಥ ಪ್ಯಾರಾ ಇದ್ದ ಕಡೆ ಮುಖವಾಡ ತೆಗೆದು ನೇರವಾಗಿ ಮಾತಾಡುವುದೇ ಸರಿ, ಸ್ವರ ಮುರಿದರೂ ಪರವಾಗಿಲ್ಲ.

ಅಡಿಟಿಪ್ಪಣಿ: ಸ್ವರ ಮುರಿದರೆ ಹಿಂದಿನದೆಲ್ಲ ನಾಟಕವೆನಿಸುತ್ತದೆ ಎಂಬುದು ನನ್ನ ಅಂಜಿಕೆ. ಎರಡೂ ರೀತಿ ಬರೆದು ನೋಡಲಿ.

ಬಿಳಿಹಾಳೆ: ಉದ್ದ ಎಷ್ಟಿರಲಿ? ವಾದ ಉಳಿದಿದೆಯೆಂದು ತಿಳಿಯುವುದು ಹೇಗೆ?

ಅಡಿಟಿಪ್ಪಣಿ: 700 ಪದ ಮೀರಬೇಡಿ. ಗಂಭೀರ ಲೇಖನದಲ್ಲಿ ಒಂದು ವಾದಕ್ಕೆ ಮೂರು ಪುರಾವೆ ಕೊಡುತ್ತೀರಿ, ಇಲ್ಲಿ ಅತಿ ಗಟ್ಟಿಯಾದ ಒಂದೇ ಸಾಕು. ಒಂದೇ ತಂತ್ರ ನಾಲ್ಕನೇ ಸಲ ಬಂದಾಗ ಓದುಗನಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಕ್ರಮವನ್ನೂ ಬದಲಿಸಬಹುದು, ಆದರೆ ಸಭೆ ಮತ್ತೆ ಮತ್ತೆ ನಡೆಯುವ ವಾದ ನಿಮ್ಮಲ್ಲಿ ಅತಿ ಬಲವಾದದ್ದು, ಅದು ಕೊನೆಗೇ ಇರಲಿ.

ಆಮೇಲೆ ಮೂಲ ಲೇಖನ ಓದದ ಇಬ್ಬರಿಗೆ ಕೊಟ್ಟು, ‘ಬರೆದವರು ಏನು ಬದಲಾಗಬೇಕು ಅನ್ನುತ್ತಾರೆ?’ ಎಂದಷ್ಟೇ ಕೇಳಿ. ತಮಾಷೆಯಾಗಿತ್ತೇ ಎಂದು ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಕಾರ್ಯಸೂಚಿಯ ಮಾತು ಇಬ್ಬರ ಉತ್ತರದಲ್ಲೂ ಇಲ್ಲದಿದ್ದರೆ ಆ ಭಾಗದ ಸಮರ್ಥನೆ ಸಡಿಲವಾಗಿದೆ. ‘ನೌಕರರು ಸೋಮಾರಿಗಳು ಅನ್ನುತ್ತಾರೆ’ ಎಂಬ ಉತ್ತರ ಬಂದರೆ ಗುರಿಯೇ ತಪ್ಪಿದೆ. ಆಗ ಆ ಒಂಬತ್ತು ಜನರ ಪ್ಯಾರಾಕ್ಕೆ ಹಿಂತಿರುಗಿ, ಅವರು ತಾವಾಗಿ ಬಂದರೋ ಕರೆದದ್ದಕ್ಕೆ ಬಂದರೋ ಎಂಬುದು ಸ್ಪಷ್ಟವಿದೆಯೇ ನೋಡಿ.

ಬಿಳಿಹಾಳೆ: ಸ್ಪಷ್ಟವಿಲ್ಲ, ಈಗ ನೋಡಿದೆ. ‘ಬಂದು ಕೂರುತ್ತಾರೆ’ ಎಂದು ಬರೆದಿದ್ದೇನೆ. ‘ಕರೆಸಿ ಕೂರಿಸುತ್ತೇವೆ’ ಎಂದು ತಿದ್ದುತ್ತೇನೆ.