ಬರೆದಿಟ್ಟ ಸೆಟ್ಟಿಂಗ್ ಹಾಕಿದರೂ ಹಳೆಯ ಚಿತ್ರದ ಹಾಗೆ ಬರುತ್ತಿಲ್ಲ

ಬದಿಯಡ್ಕದ ಸ್ಟುಡಿಯೋದವರು: ಕಳೆದ ವರ್ಷ ಒಂದು ಮದುವೆಯ ಜೋಡಿಯ ಫೋಟೋಕ್ಕೆ ಫೋಟೋಶಾಪಿನ Oil Paint ಹಾಕಿ ತೈಲಚಿತ್ರದಂತೆ ಮಾಡಿಕೊಟ್ಟಿದ್ದೆ. ಈಗ ಅದೇ ಮನೆಯವರು ತಮ್ಮನ ಮದುವೆಯ ಫೋಟೋವನ್ನೂ ಹಾಗೆಯೇ ಮಾಡಿಸಿ, ಎರಡನ್ನೂ ಚಾವಡಿಯಲ್ಲಿ ಪಕ್ಕಪಕ್ಕ ಹಾಕಬೇಕೆಂದಿದ್ದಾರೆ. ಪುಸ್ತಕದಲ್ಲಿ ಬರೆದಿಟ್ಟ ಅಂಕಿಗಳನ್ನೇ ಹಾಕಿದರೂ ಕುಂಚದ ಗೆರೆ ತೀರ ಸಪೂರವಾಗಿ ಕಾಣುತ್ತಿದೆ. ಏನು ತಪ್ಪಾಗಿದೆ, ಸರ್?

ಕಾಸರಗೋಡಿನ ಎಡಿಟರ್: ಎರಡೂ ಫೈಲುಗಳ ಅಳತೆ ಎಷ್ಟು ಪಿಕ್ಸೆಲ್ ಎಂದು ಮೊದಲು ತಿಳಿಸಿ. ಹಣೆಯ ಕೂದಲಿನಿಂದ ಗಲ್ಲದವರೆಗೆ ಮುಖ ಎಷ್ಟು ಪಿಕ್ಸೆಲ್ ಇದೆ ಎಂಬುದನ್ನೂ ಅಳೆಯಿರಿ.

ಬದಿಯಡ್ಕದ ಸ್ಟುಡಿಯೋದವರು: ಹಳೆಯದು 2400×3600, ಮುಖ 620. ಹೊಸದು ಕ್ಯಾಮೆರಾದಿಂದ ಬಂದ 4000×6000, ಮುಖ ಸುಮಾರು 515. ಎರಡೂ 12×18 ಇಂಚಿಗೆ ಪ್ರಿಂಟ್ ಆಗಬೇಕು.

ಉಪ್ಪಳದ ಸದಸ್ಯರು: ಇಷ್ಟೆಲ್ಲ ಏಕೆ? ಒಂದು ಪ್ರಿಸೆಟ್ ಫೈಲ್ ವಾಟ್ಸಾಪಿನಲ್ಲಿ ಬಂದಿದೆ, ಯಾವ ಫೋಟೋಕ್ಕೂ ಒಂದೇ ಪೈಂಟಿಂಗ್ ಲುಕ್ ಬರುತ್ತದಂತೆ. ಕಳುಹಿಸಲೇ?

ಕಾಸರಗೋಡಿನ ಎಡಿಟರ್: ದಯವಿಟ್ಟು ಇಲ್ಲಿ ಹಾಕಬೇಡಿ. ಪ್ರಿಸೆಟ್ ನೆನಪಿಟ್ಟುಕೊಳ್ಳುವುದು ಅಂಕಿಗಳನ್ನು ಮಾತ್ರ. ಅಕ್ಕನ ಪುಸ್ತಕದಲ್ಲಿಯೂ ಅವೇ ಅಂಕಿಗಳಿವೆ, ಆದರೂ ಕೆಲಸ ಕೆಟ್ಟಿದೆ.

ಅಕ್ಕ, ನಿಮ್ಮ ಅಂಕಿಗಳು ತಪ್ಪಲ್ಲ. ಈ ಫಿಲ್ಟರ್ ಕುಂಚದ ಗೆರೆಯನ್ನು ಪಿಕ್ಸೆಲ್ ಲೆಕ್ಕದಲ್ಲಿ ಎಳೆಯುತ್ತದೆ, ಕಾಗದದ ಲೆಕ್ಕದಲ್ಲಿ ಅಲ್ಲ. 3600 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಎಳೆದ ಗೆರೆಯೇ 6000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿಯೂ ಬಂದರೆ, ಎರಡನ್ನೂ 18 ಇಂಚಿಗೆ ಅಚ್ಚು ಹಾಕಿದಾಗ ಹೊಸದರ ಗೆರೆ ಹಳೆಯದರ ಸುಮಾರು ಶೇ. 60ರಷ್ಟೇ ದಪ್ಪವಿರುತ್ತದೆ. Scale ಏರಿಸಿ ಸರಿಮಾಡಲು ಹೋದರೆ ಗೆರೆಯ ಸ್ವರೂಪವೇ ಬದಲಾಗುತ್ತದೆ. ಆದ್ದರಿಂದ ಮೊದಲು Image Size ನಲ್ಲಿ ಹೊಸ ಫೋಟೋವನ್ನು 2400×3600ಕ್ಕೆ ಇಳಿಸಿ, ಆಮೇಲೆ ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಅದರ ಮೇಲೆ ಹಳೆಯ ಅಂಕಿಗಳನ್ನು ಹಾಕಿ.

ನನಗೆ ಚಿಂತೆ ಇರುವುದು ಇದರ ಮುಂದಿನ ಹಂತದ ಬಗ್ಗೆ. ಇಳಿಸಿದಾಗ ಮುಖ ಸುಮಾರು 310 ಪಿಕ್ಸೆಲ್‌ಗೆ ಬರುತ್ತದೆ, ಅಂದರೆ ಹಳೆಯದರ ಅರ್ಧ. ಸೀರೆ, ಪಂಚೆ, ಹಿನ್ನೆಲೆ ಎಲ್ಲ ಹಳೆಯ ಚಿತ್ರಕ್ಕೆ ಹೊಂದಿಕೊಂಡರೂ ಕಣ್ಣಿನ ರೆಪ್ಪೆ ಮತ್ತು ತುಟಿಯ ಅಂಚು ಗೆರೆಗಳಲ್ಲಿ ಕಲಸಿಹೋಗುತ್ತವೆ. ಅದಕ್ಕಾಗಿ ಸ್ಮಾರ್ಟ್ ಫಿಲ್ಟರಿನ ಮಾಸ್ಕ್ ಮೇಲೆ ಕಣ್ಣು ಮತ್ತು ತುಟಿಗೆ ಮಾತ್ರ ಮೆತ್ತನೆಯ ಬ್ರಷ್‌ನಲ್ಲಿ ಶೇ. 50ರ ಬೂದು ಬಣ್ಣ ಹಚ್ಚಿ. ಮೂಲ ಮುಖ ಅರ್ಧದಷ್ಟು ಮೇಲೆ ಬರುತ್ತದೆ. ಪುಸ್ತಕದಲ್ಲಿ ಇನ್ನು ಮುಂದೆ ಹೀಗೆ ಬರೆಯಿರಿ:

```
ಫಿಲ್ಟರಿಗೆ ಮೊದಲು : 2400×3600, RGB, 8 ಬಿಟ್
ಮುಖ : 310 px
ಪ್ರಿಂಟ್ : 12×18 ಇಂಚು
ಕ್ರಮ : ಬಣ್ಣ ತಿದ್ದುಪಡಿ, Oil Paint
Stylization 4.0  Cleanliness 5.5
Scale 0.8  Bristle Detail 3.0
Lighting: Angle -60, Shine 1.2
ಮಾಸ್ಕ್ : ಕಣ್ಣು, ತುಟಿ 50%
```

ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನೇ ಹಾಕಿ. ಕ್ರಮವನ್ನು ಬಿಡಬೇಡಿ: ಬಣ್ಣ ತಿದ್ದಿದ ಮೇಲೆ ಫಿಲ್ಟರ್ ಹಾಕುವುದಕ್ಕೂ ಫಿಲ್ಟರ್ ಹಾಕಿದ ಮೇಲೆ ಬಣ್ಣ ತಿದ್ದುವುದಕ್ಕೂ ಗೆರೆಯ ಹೊಳಪಿನಲ್ಲಿ ವ್ಯತ್ಯಾಸ ಬರುತ್ತದೆ. ಲೇಯರುಗಳಿರುವ PSD ಫೈಲನ್ನೂ ಇಟ್ಟುಕೊಳ್ಳಿ. ಅದನ್ನು ತೆರೆದು ಫಿಲ್ಟರಿನ ಹೆಸರಿನ ಮೇಲೆ ಎರಡು ಸಲ ಒತ್ತಿದರೆ ಹಾಕಿದ ಅಂಕಿಗಳು ಕಾಣಿಸುತ್ತವೆ. JPEG ಮಾತ್ರ ಉಳಿದಿದ್ದರೆ ಕಾಣಿಸುವುದಿಲ್ಲ.

ಮಂಜೇಶ್ವರದ ಸದಸ್ಯರು: ನನ್ನಲ್ಲಿ Oil Paint ಮಸುಕಾಗಿದೆ, ಒತ್ತಲು ಬರುವುದಿಲ್ಲ.

ಕಾಸರಗೋಡಿನ ಎಡಿಟರ್: ಫೈಲ್ CMYK ನಲ್ಲಿದ್ದರೆ RGB ಮಾಡಿ. ಆಗಲೂ ಬಾರದಿದ್ದರೆ ಗ್ರಾಫಿಕ್ಸ್ ಕಾರ್ಡ್ ನೋಡಿ.

ಕುಂಬಳೆಯ ಮಾಷ್ಟ್ರು: ಪುಸ್ತಕದಲ್ಲಿ ಬರೆಯುವ ಶ್ರಮ ಬೇಡ. Preferences ನಲ್ಲಿ History Log ಇದೆ, ಮಾಡಿದ್ದೆಲ್ಲ ತಾನಾಗಿಯೇ ದಾಖಲಾಗುತ್ತದೆ.

ಕಾಸರಗೋಡಿನ ಎಡಿಟರ್: ಅರ್ಧ ನಿಜ, ಮಾಷ್ಟ್ರೇ. Detailed ಆರಿಸದಿದ್ದರೆ ಅಂಕಿಗಳು ಬರುವುದಿಲ್ಲ. ಆರಿಸಿದರೂ ನೀವು ಹಾಕಿ ತೆಗೆದ ಹತ್ತು ಪ್ರಯತ್ನಗಳೆಲ್ಲ ಅದರಲ್ಲಿ ಸೇರುತ್ತವೆ. ಕೊನೆಗೆ ಒಪ್ಪಿದ್ದು ಯಾವುದು, ಮುಖ ಎಷ್ಟು ದೊಡ್ಡದಿತ್ತು ಎಂಬುದನ್ನು ಅದು ಹೇಳುವುದಿಲ್ಲ. Text File ಆರಿಸಿ. Metadata ಆರಿಸಿದರೆ ಆ ದಾಖಲೆ ಗ್ರಾಹಕರಿಗೆ ಹೋಗುವ ಫೈಲಿನೊಳಗೂ ಸೇರಬಹುದು.

ನೀರ್ಚಾಲಿನ ಸದಸ್ಯರು: ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹಾಕಿಸಿದರೆ ಬಣ್ಣ ಕಪ್ಪಾಗುತ್ತದೆ, ಏನು ಮಾಡಲಿ?

ಉಪ್ಪಳದ ಸದಸ್ಯರು: ಎಡಿಟರ್ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಮುಖವೇ ಮುಖ್ಯ. ಹೊಸ ಫೋಟೋವನ್ನು ಶೇ. 120ಕ್ಕೆ ಹಿಗ್ಗಿಸಿದರೆ ಮುಖ 620 ಆಗುತ್ತದೆ, ಹಳೆಯ ಅಂಕಿಗಳೇ ಸಾಕು.

ಕುಂಬಳೆಯ ಮಾಷ್ಟ್ರು: ಆಗ ಎತ್ತರ 7200 ಆಯಿತಲ್ಲ? ಅದೇ 18 ಇಂಚಿನಲ್ಲಿ ಗೆರೆ ಅರ್ಧ ದಪ್ಪಕ್ಕೆ ಇಳಿಯುತ್ತದೆ. ಚಾವಡಿಯಲ್ಲಿ ನಿಂತು ನೋಡುವವರಿಗೆ ಮೊದಲು ಕಾಣುವುದು ಅದೇ.

ಉಪ್ಪಳದ ಸದಸ್ಯರು: ನೋಡುವವರು ಮುಖ ನೋಡುತ್ತಾರೆ, ಗೆರೆ ಅಳೆಯುವುದಿಲ್ಲ. ನಾನು ಹಾಗೆಯೇ ಮಾಡಿಕೊಟ್ಟಿದ್ದೇನೆ, ಯಾರೂ ದೂರಿಲ್ಲ.

ಕುಂಬಳೆಯ ಮಾಷ್ಟ್ರು: ಪಕ್ಕದಲ್ಲಿ ಹಳೆಯ ಚಿತ್ರ ಇತ್ತೇ? ಪ್ರಶ್ನೆ ಇರುವುದು ಅದರ ಬಗ್ಗೆ.

ಕಾಸರಗೋಡಿನ ಎಡಿಟರ್: ಒಂಟಿ ಚಿತ್ರವಾಗಿದ್ದರೆ ಉಪ್ಪಳದವರ ದಾರಿಯೂ ನಡೆಯುತ್ತದೆ. ಜೋಡಿ ಚಿತ್ರಕ್ಕೆ ನಾನು ಅದನ್ನು ಮಾಡಲಾರೆ. ಅಕ್ಕ, ಎರಡು ರೀತಿಯಲ್ಲಿಯೂ ಮುಖ ಮತ್ತು ಸೆರಗು ಬರುವ ಒಂದು ತುಂಡನ್ನು 18 ಇಂಚಿನ ಲೆಕ್ಕದಲ್ಲಿಯೇ 4×6 ಕಾಗದಕ್ಕೆ ಪ್ರಿಂಟ್ ಹಾಕಿ, ಹಳೆಯ ಚಿತ್ರದ ಪಕ್ಕ ಹಿಡಿದು ನೋಡಿ.

ಮಂಜೇಶ್ವರದ ಸದಸ್ಯರು: RGB ಮಾಡಿದರೂ ಮಸುಕಾಗಿಯೇ ಇದೆ.

ಕಾಸರಗೋಡಿನ ಎಡಿಟರ್: ಮೇಲೆ ಹೇಳಿದ್ದೇನೆ. ಎರಡನೆಯ ವಾಕ್ಯ ಓದಿ.

ಬದಿಯಡ್ಕದ ಸ್ಟುಡಿಯೋದವರು: 3600ಕ್ಕೆ ಇಳಿಸಿ ತುಂಡು ಪ್ರಿಂಟ್ ತೆಗೆದೆ. ಸೀರೆಯ ಗೆರೆ ಹಳೆಯದಕ್ಕೆ ಸರಿಯಾಗಿ ಕೂತಿದೆ. ಮದುಮಗನ ಕಣ್ಣಿಗೆ ಶೇ. 50 ಸಾಲಲಿಲ್ಲ, ಇನ್ನಷ್ಟು ಗಾಢ ಮಾಡಿ 65ಕ್ಕೆ ತಂದೆ; ಪುಸ್ತಕದಲ್ಲಿಯೂ 65 ಎಂದೇ ಬರೆದಿದ್ದೇನೆ.